ಉಯಿಲು ಬರೆಯದೆ ತೀರಿಕೊಂಡ ಹೆಣ್ಣುಮಗಳ ಸ್ವಂತ ಆಸ್ತಿ: ತವರಿಗೋ, ಗಂಡನ ಮನೆಗೋ?

ಮೈಸೂರು, ಮಂಡ್ಯ ಕಡೆಯ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. "ಅಕ್ಕ ಕೆಲಸಕ್ಕೆ ಹೋಗಿ ತಾನೇ ದುಡಿದು ಮನೆ ಕಟ್ಟಿಸಿದ್ದಳು. ಭಾವ ಮೊದಲೇ ಹೋಗಿದ್ದರು, ಮಕ್ಕಳಿಲ್ಲ. ಕೊನೆಗಾಲದಲ್ಲಿ ನೋಡಿಕೊಂಡವರು ನಾವು. ಈಗ ಭಾವನ ಮನೆಯವರು ಬಂದು ಮನೆ ತಮ್ಮದು ಅನ್ನುತ್ತಿದ್ದಾರೆ. ಹಾಗೆ ಕೇಳಲು ಅವರಿಗೆ ಹಕ್ಕಿದೆಯೇ?"

ಇದೆ. ಕೇಳಲು ಕಷ್ಟವಾದರೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಕ್ಕಳೂ ಗಂಡನೂ ಇಲ್ಲದ ಹಿಂದೂ ಹೆಣ್ಣುಮಗಳು ಉಯಿಲು ಬರೆಯದೆ ತೀರಿಕೊಂಡರೆ, ಆಕೆ ಸ್ವತಃ ಸಂಪಾದಿಸಿದ ಆಸ್ತಿ ಹೆತ್ತ ತಾಯಿಗಿಂತ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. ಆದರೆ ಆಕೆಯ ಹೆಸರಿನಲ್ಲಿರುವ ಎಲ್ಲ ಆಸ್ತಿಗೂ ಈ ನಿಯಮ ಅನ್ವಯಿಸುವುದಿಲ್ಲ. ಯಾವುದಕ್ಕೆ ಅನ್ವಯಿಸುತ್ತದೆ, ಯಾವುದಕ್ಕಿಲ್ಲ ಎಂದು ಬೇರ್ಪಡಿಸುವುದೇ ಇಲ್ಲಿ ಮುಖ್ಯ ಕೆಲಸ. ಅದಕ್ಕಾಗಿ ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ಹೋಗೋಣ.

ಮದ್ದೂರು ತಾಲ್ಲೂಕಿನ ಹಳ್ಳಿಯಲ್ಲಿ ಹುಟ್ಟಿ ನಂಜನಗೂಡಿಗೆ ಮದುವೆಯಾಗಿ ಹೋದ ಹೆಣ್ಣುಮಗಳು. ಕೆಲಸ ಮೈಸೂರಿನಲ್ಲಿ. ಗಂಡ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಆಕೆಯ ಹೆಸರಿನಲ್ಲಿ ಮೂರು ಆಸ್ತಿಗಳಿವೆ. ಸಂಬಳದಿಂದ ಕೊಂಡ ಮೈಸೂರಿನ 30x40 ಮನೆ ಒಂದು. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಯಲ್ಲಿ ಬಂದ 30 ಗುಂಟೆ ಜಮೀನು ಇನ್ನೊಂದು (ಪೌತಿ ಖಾತೆ ಎಂದರೆ ಖಾತೆದಾರರು ಸತ್ತ ನಂತರ ವಾರಸುದಾರರ ಹೆಸರಿಗೆ ಮಾಡುವ ಖಾತೆ). ಬ್ಯಾಂಕಿನಲ್ಲಿರುವ 9 ಲಕ್ಷ ರೂಪಾಯಿ ಠೇವಣಿ ಮೂರನೆಯದು, ಅದಕ್ಕೆ ತಮ್ಮ ನಾಮಿನಿ. ತವರಿನಲ್ಲಿ ತಾಯಿ, ತಮ್ಮ, ತಂಗಿ ಇದ್ದಾರೆ. ಗಂಡನ ಕಡೆ ಅತ್ತೆ, ಗಂಡನ ಅಣ್ಣ, ಗಂಡನ ತಂಗಿ ಇದ್ದಾರೆ.

1. ಯಾವ ಕಾನೂನು ಎಂದು ಮೊದಲು ಖಚಿತ ಮಾಡಿಕೊಳ್ಳಿ

ಇಲ್ಲಿ ಹೇಳುತ್ತಿರುವುದೆಲ್ಲ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ವಿಷಯ. ಹಿಂದೂಗಳ ಜೊತೆಗೆ ವೀರಶೈವ, ಲಿಂಗಾಯತ, ಜೈನ, ಬೌದ್ಧ, ಸಿಖ್ಖರಿಗೂ ಇದೇ ಕಾಯಿದೆ. ಮುಸ್ಲಿಮರಿಗೂ ಕ್ರೈಸ್ತರಿಗೂ ಬೇರೆ ಕಾನೂನಿದೆ. ಪರಿಶಿಷ್ಟ ಪಂಗಡದವರಿಗೆ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು, ಈ ಕಾಯಿದೆ ನೇರವಾಗಿ ಅನ್ವಯಿಸುವುದಿಲ್ಲ. ಆ ಕುಟುಂಬಗಳವರು ವಕೀಲರನ್ನು ಕಂಡು ವಿಚಾರಿಸಿಕೊಂಡೇ ಮುಂದುವರಿಯಬೇಕು.

ಉಯಿಲು ನಿಜವಾಗಿಯೂ ಇಲ್ಲವೇ ಎಂಬುದನ್ನೂ ಈ ಹಂತದಲ್ಲೇ ಹುಡುಕಿ. ಬೀರು, ಬ್ಯಾಂಕ್ ಲಾಕರ್ ನೋಡಿ, ಆಕೆಯ ವಕೀಲರನ್ನು ಕೇಳಿ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಉಯಿಲು ನೋಂದಣಿ ಆಗಿರಲೇಬೇಕೆಂದಿಲ್ಲ. ಬಿಳಿ ಹಾಳೆಯ ಮೇಲೆ ಬರೆದಿದ್ದರೂ, ಆಕೆಯ ಸಹಿ ಇದ್ದು ಇಬ್ಬರು ಸಾಕ್ಷಿಗಳು ಕಾನೂನಿನಂತೆ ಸಹಿ ಹಾಕಿದ್ದರೆ ಅದು ಉಯಿಲೇ. ಅಂಥ ಹಾಳೆ ಸಿಕ್ಕರೆ ಕೆಳಗಿನ ಹಂಚಿಕೆಯ ಲೆಕ್ಕ ಬೇಕಾಗುವುದಿಲ್ಲ.

2. ಪ್ರತಿ ಆಸ್ತಿಯೂ ಆಕೆಗೆ ಹೇಗೆ ಬಂತು ಎಂದು ಪತ್ರದಲ್ಲೇ ನೋಡಿ

ಹೆಚ್ಚು ಮಂದಿ ಎಡವುವುದು ಈ ಹಂತದಲ್ಲಿ, ಹಾಗಾಗಿ ಆತುರ ಬೇಡ. ಆಕೆಯ ಆಸ್ತಿಯನ್ನು ಕಾಯಿದೆ ಮೂರು ಗುಂಪು ಮಾಡುತ್ತದೆ.

ತಂದೆಯಿಂದ ಅಥವಾ ತಾಯಿಯಿಂದ ವಾರಸುದಾರಿಕೆಯಲ್ಲಿ ಬಂದದ್ದು ಮೊದಲ ಗುಂಪು. ಆಕೆಗೆ ಮಕ್ಕಳಾಗಲಿ, ತೀರಿಕೊಂಡ ಮಕ್ಕಳ ಮಕ್ಕಳಾಗಲಿ ಇಲ್ಲದಿದ್ದರೆ ಅದು ತಂದೆಯ ವಾರಸುದಾರರಿಗೆ ಹಿಂದಿರುಗುತ್ತದೆ. ಗಂಡನಿಂದ ಅಥವಾ ಮಾವನಿಂದ ವಾರಸುದಾರಿಕೆಯಲ್ಲಿ ಬಂದದ್ದು ಎರಡನೆಯದು. ಮಕ್ಕಳಿಲ್ಲದಿದ್ದರೆ ಅದು ಗಂಡನ ವಾರಸುದಾರರಿಗೆ ಹೋಗುತ್ತದೆ. ಇವೆರಡೂ 15ನೇ ಕಲಮಿನ 2ನೇ ಉಪಕಲಮಿನಲ್ಲಿವೆ. ಉಳಿದದ್ದೆಲ್ಲ ಮೂರನೇ ಗುಂಪು: ದುಡಿದು ಕೊಂಡದ್ದು, ಉಳಿತಾಯ, ಒಡವೆ, ಬೇರೆಯವರು ದಾನ ಕೊಟ್ಟದ್ದು. ಇದಕ್ಕೆ 15ನೇ ಕಲಮಿನ 1ನೇ ಉಪಕಲಮಿನ ಸಾಮಾನ್ಯ ಕ್ರಮ ಅನ್ವಯಿಸುತ್ತದೆ.

"ವಾರಸುದಾರಿಕೆಯಲ್ಲಿ ಬಂದದ್ದು" ಎಂಬ ಮಾತಿನ ಮೇಲೆ ಬೆರಳಿಟ್ಟು ಓದಿ. ತಂದೆ ತೀರಿಕೊಂಡ ನಂತರ ಕಾನೂನಿನ ಬಲದಿಂದ ತಾನಾಗಿ ಬಂದ ಪಾಲು ಎಂಬುದು ಅದರ ಅರ್ಥ. ತಂದೆ ಬದುಕಿದ್ದಾಗಲೇ ದಾನಪತ್ರ ಬರೆದು ಸೈಟು ಕೊಟ್ಟಿದ್ದರೆ, ಅಥವಾ ಉಯಿಲಿನಲ್ಲಿ ಮಗಳಿಗೆ ಬರೆದಿಟ್ಟಿದ್ದರೆ, ಅದು ಈ ಅರ್ಥದಲ್ಲಿ ವಾರಸುದಾರಿಕೆಯಲ್ಲ. ತವರಿನಿಂದ ಬಂದದ್ದು ನಿಜವಾದರೂ ಮೂರನೇ ಗುಂಪಿಗೆ ಸೇರಿ ಗಂಡನ ಕಡೆಗೆ ಹೋಗುತ್ತದೆ. ಮಗಳಿಗೆ ಭದ್ರತೆ ಇರಲಿ ಎಂದು ಪ್ರೀತಿಯಿಂದ ದಾನಪತ್ರ ಮಾಡಿಕೊಟ್ಟ ಎಷ್ಟೋ ತಂದೆತಾಯಿಗಳಿಗೆ ಈ ವ್ಯತ್ಯಾಸ ಗೊತ್ತೇ ಇರುವುದಿಲ್ಲ.

ತಂದೆಯಿಂದ ಬಂದ ಜಮೀನನ್ನು ಮಾರಿ, ಆ ಹಣದಲ್ಲಿ ಮೈಸೂರಿನಲ್ಲಿ ಸೈಟು ಕೊಂಡಿದ್ದರೂ ಅಪಾಯವಿದೆ. ಸೈಟು ಆಕೆಗೆ ಬಂದದ್ದು ಕ್ರಯಪತ್ರದಿಂದಲೇ ಹೊರತು ತಂದೆಯಿಂದಲ್ಲ. ಜಮೀನು ಜಮೀನಾಗಿಯೇ ಉಳಿದಿದ್ದರೆ ತವರಿಗೆ ಹಿಂದಿರುಗುತ್ತಿತ್ತು. ಸೈಟಾಗಿ ಬದಲಾದ ಮೇಲೆ ಆ ವಾದ ಗೆಲ್ಲುವುದು ಕಷ್ಟ.

ಪತ್ರಗಳಲ್ಲಿ ಇದನ್ನು ನೋಡುವ ಬಗೆ ಹೀಗೆ. ಮನೆ, ಸೈಟಿಗೆ ನೋಂದಾಯಿತ ಪತ್ರದ ಪ್ರತಿಯನ್ನೂ, ಕಾವೇರಿ ಜಾಲತಾಣದಿಂದ ಇ.ಸಿ.ಯನ್ನೂ ತೆಗೆಸಿ (ಇ.ಸಿ. ಎಂದರೆ ಆ ಸ್ವತ್ತಿನ ಮೇಲೆ ಆಗಿರುವ ನೋಂದಾಯಿತ ವ್ಯವಹಾರಗಳ ಪಟ್ಟಿ, ಋಣಭಾರ ಪ್ರಮಾಣಪತ್ರ). ಅದರಲ್ಲಿ ಕ್ರಯವೋ, ದಾನವೋ, ವಿಭಾಗವೋ ಎಂದು ನಮೂದಾಗಿರುತ್ತದೆ. ಜಮೀನಿಗೆ ಪಹಣಿಯ 9ನೇ ಕಾಲಂನಲ್ಲಿ ಆಕೆಯ ಹೆಸರು, ಪಕ್ಕದ 10ನೇ ಕಾಲಂನಲ್ಲಿ ಮ್ಯುಟೇಷನ್ ಸಂಖ್ಯೆ ಇರುತ್ತದೆ. ಪಹಣಿಯಷ್ಟಕ್ಕೇ ನಿಲ್ಲಬೇಡಿ, ಆ ಮ್ಯುಟೇಷನ್ ಪ್ರತಿಯನ್ನು ತಾಲ್ಲೂಕು ಕಚೇರಿಯಿಂದ ತೆಗೆಸಿ. "ಪೌತಿ" ಎಂದಿದ್ದರೆ ಒಂದು ದಾರಿ, "ದಾನ" ಎಂದಿದ್ದರೆ ಇನ್ನೊಂದು. "ವಿಭಾಗ" ಎಂದಿದ್ದರೆ ಆ ವಿಭಾಗಪತ್ರದಲ್ಲಿ ಆಕೆಗೆ ಪಾಲು ಯಾವ ಹಕ್ಕಿನಿಂದ ಬಂತು ಎಂದು ವಕೀಲರಿಗೆ ತೋರಿಸಿಯೇ ತೀರ್ಮಾನಿಸಿ.

ನಮ್ಮ ಉದಾಹರಣೆಯಲ್ಲಿ 30 ಗುಂಟೆ ತಂದೆಯ ಸ್ವಂತ ಜಮೀನು, ಪೌತಿಯಲ್ಲಿ ಬಂದದ್ದು. ಮೊದಲ ಗುಂಪಿನದು. ಮನೆ ಮತ್ತು ಠೇವಣಿ ಮೂರನೇ ಗುಂಪಿನವು.

3. ಸರದಿಯಲ್ಲಿ ಯಾರು ಮೊದಲು ಎಂದು ನೋಡಿ

ಮೂರನೇ ಗುಂಪಿನ ಆಸ್ತಿಗೆ ಕಾಯಿದೆ ಐದು ಸಾಲು ನಿಲ್ಲಿಸುತ್ತದೆ. ಮೊದಲ ಸಾಲಿನಲ್ಲಿ ಮಗ, ಮಗಳು, ತೀರಿಕೊಂಡ ಮಕ್ಕಳ ಮಕ್ಕಳು, ಮತ್ತು ಗಂಡ. ಎರಡನೇ ಸಾಲಿನಲ್ಲಿ ಗಂಡನ ವಾರಸುದಾರರು. ಮೂರನೆಯದರಲ್ಲಿ ಆಕೆಯ ತಾಯಿ, ತಂದೆ. ನಾಲ್ಕರಲ್ಲಿ ತಂದೆಯ ವಾರಸುದಾರರು, ಕೊನೆಯಲ್ಲಿ ತಾಯಿಯ ವಾರಸುದಾರರು. ಮೊದಲು ಬರುವ ಸಾಲಿನಲ್ಲಿ ಒಬ್ಬರೇ ಒಬ್ಬರಿದ್ದರೂ ನಂತರದ ಸಾಲಿನವರಿಗೆ ಏನೂ ಸಿಗುವುದಿಲ್ಲ.

ಗಂಡನೂ ಇಬ್ಬರು ಮಕ್ಕಳೂ ಇದ್ದರೆ ಮೂವರಿಗೂ ಮೂರನೇ ಒಂದೊಂದು ಪಾಲು. ಮಕ್ಕಳಿಲ್ಲದೆ ಗಂಡ ಮಾತ್ರ ಇದ್ದರೆ ಪೂರ್ತಿ ಅವನಿಗೆ. ಹತ್ತು ವರ್ಷದಿಂದ ಬೇರೆ ಇದ್ದವನಾದರೂ, ನ್ಯಾಯಾಲಯದಿಂದ ವಿಚ್ಛೇದನ ಆಗಿಲ್ಲದಿದ್ದರೆ ಅವನು ಕಾನೂನಿನ ಕಣ್ಣಿಗೆ ಗಂಡನೇ. ಊರಿನ ಹಿರಿಯರ ಮುಂದೆ ಕಾಗದ ಬರೆಸಿಕೊಂಡು ಬಿಟ್ಟುಬಿಟ್ಟಿದ್ದೇವೆ ಎಂದರೆ ಸಾಮಾನ್ಯವಾಗಿ ಇಲ್ಲಿ ನಿಲ್ಲುವುದಿಲ್ಲ. ಮದುವೆಯೇ ಆಗಿರದ ಹೆಣ್ಣುಮಗಳಿಗೆ ಎರಡನೇ ಸಾಲೇ ಇಲ್ಲದ್ದರಿಂದ, ಮಕ್ಕಳಿಲ್ಲದಿದ್ದರೆ ಆಸ್ತಿ ನೇರವಾಗಿ ತಾಯಿ ತಂದೆಗೆ ಸಮಪಾಲಾಗಿ ಹೋಗುತ್ತದೆ. ಆಕೆಯನ್ನು ಕೊಂದವನು ಗಂಡನೇ ಆಗಿದ್ದರೆ 25ನೇ ಕಲಮಿನ ಪ್ರಕಾರ ಅವನಿಗೆ ವಾರಸುದಾರಿಕೆ ಇಲ್ಲ.

4. "ಗಂಡನ ವಾರಸುದಾರರು" ಎಂದರೆ ಯಾರು ಎಂದು ಹೆಸರು ಹಿಡಿದು ಗುರುತಿಸಿ

ಇದಕ್ಕೆ 16ನೇ ಕಲಮಿನಲ್ಲಿ ಒಂದು ಉಪಾಯವಿದೆ. ಆ ಆಸ್ತಿ ಗಂಡನದೇ ಆಗಿತ್ತು, ಹೆಂಡತಿ ಸತ್ತ ಮರುಕ್ಷಣ ಗಂಡ ಉಯಿಲು ಬರೆಯದೆ ಸತ್ತ ಎಂದು ಭಾವಿಸಿಕೊಂಡು, ಅವನ ಆಸ್ತಿ ಯಾರಿಗೆ ಹೋಗುತ್ತಿತ್ತೋ ಅವರಿಗೆ ಕೊಡಬೇಕು. ಗಂಡ ನಿಜವಾಗಿ ಇಪ್ಪತ್ತು ವರ್ಷದ ಹಿಂದೆಯೇ ಸತ್ತಿದ್ದರೂ ಲೆಕ್ಕ ಹಾಕುವುದು ಆಕೆ ಸತ್ತ ದಿನದ ಲೆಕ್ಕವೇ. ಅಂದು ಬದುಕಿದ್ದವರು ಯಾರು ಎಂಬುದಷ್ಟೇ ಮುಖ್ಯ.

ಗಂಡಸಿನ ವಾರಸುದಾರರಲ್ಲಿ ಮೊದಲ ದರ್ಜೆ ಎಂದರೆ ಮಕ್ಕಳು, ಹೆಂಡತಿ, ತಾಯಿ ಮತ್ತು ತೀರಿಕೊಂಡ ಮಕ್ಕಳ ಕಡೆಯವರು. ನಮ್ಮ ಉದಾಹರಣೆಯಲ್ಲಿ ಇವರಲ್ಲಿ ಬದುಕಿರುವವರು ಗಂಡನ ತಾಯಿ ಮಾತ್ರ. ಆದ್ದರಿಂದ ಮೈಸೂರಿನ ಮನೆ ಪೂರ್ತಿ ಅತ್ತೆಗೆ. ಗಂಡನ ಅಣ್ಣನಿಗೂ ಇಲ್ಲ, ತಂಗಿಗೂ ಇಲ್ಲ. ಮನೆಯ ಬಾಗಿಲಿಗೆ ಬಂದು ಜೋರು ಮಾಡುತ್ತಿರುವ ಗಂಡನ ಅಣ್ಣನಿಗೆ ತನ್ನ ತಾಯಿ ಇರುವ ತನಕ ಸ್ವಂತ ಹಕ್ಕಿಲ್ಲ ಎಂಬುದನ್ನು ತವರಿನವರು ತಿಳಿದಿರಬೇಕು. ಮಾತುಕತೆ ನಡೆಸಬೇಕಾದದ್ದು ಆ ಹಿರಿಯ ಹೆಣ್ಣುಮಗಳ ಜೊತೆ.

ಗಂಡನಿಗೆ ಇನ್ನೊಬ್ಬ ಹೆಂಡತಿಯಿಂದ ಮಕ್ಕಳಿದ್ದರೆ ಅವರೂ ಇದೇ ಮೊದಲ ದರ್ಜೆಗೆ ಸೇರುತ್ತಾರೆ. ಮಲಮಗ ಆಕೆಯ "ಮಗ" ಎಂದು ಮೊದಲ ಸಾಲಿಗೆ ಬರುವುದಿಲ್ಲ, ಗಂಡನ ಮಗನಾಗಿ ಎರಡನೇ ಸಾಲಿಗೆ ಬರುತ್ತಾನೆ. 1987ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ತೀರ್ಮಾನಿಸಿದೆ.

ಅತ್ತೆ ಆಗಲೇ ತೀರಿಕೊಂಡಿದ್ದರೆ? ಎರಡನೇ ದರ್ಜೆಯಲ್ಲಿ ಮೊದಲು ಮಾವ. ಅವರೂ ಇಲ್ಲದಿದ್ದರೆ ಗಂಡನ ಅಣ್ಣ ಮತ್ತು ತಂಗಿಗೆ ಅರ್ಧ ಅರ್ಧ. ಆ ಅಣ್ಣನೂ ಆಕೆಗಿಂತ ಮೊದಲೇ ಸತ್ತು ಅವನಿಗೊಬ್ಬ ಮಗನಿದ್ದರೆ, ಅಪ್ಪನ ಪಾಲು ಮಗನಿಗೆ ಬರುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಅಣ್ಣನ ಮಗ ಎರಡನೇ ದರ್ಜೆಯಲ್ಲಿ ಇನ್ನೂ ಕೆಳಗಿನ ನಮೂದಿನಲ್ಲಿದ್ದಾನೆ. ಗಂಡನ ತಂಗಿ ಬದುಕಿರುವಾಗ ಪೂರ್ತಿ ಆಕೆಗೇ ಹೋಗುತ್ತದೆ.

ಇನ್ನು 30 ಗುಂಟೆ. ಇದಕ್ಕೂ ಅದೇ ಉಪಾಯ, ಆದರೆ ಗಂಡನ ಬದಲು ತಂದೆಯನ್ನಿಟ್ಟು ಲೆಕ್ಕ. ತಂದೆಯ ಮೊದಲ ದರ್ಜೆಯಲ್ಲಿ ಹೆಂಡತಿ (ಅಂದರೆ ಆಕೆಯ ತಾಯಿ), ಮಗ, ಮಗಳು. ಮೂವರಿಗೂ ತಲಾ 10 ಗುಂಟೆ. ಅತ್ತೆಗೆ ಇದರಲ್ಲಿ ಏನೂ ಇಲ್ಲ. ಗಂಡ ಬದುಕಿದ್ದರೂ, ಮಕ್ಕಳಿಲ್ಲದಿದ್ದರೆ ಅವನಿಗೂ ಇರುತ್ತಿರಲಿಲ್ಲ.

"ಆಕೆಯನ್ನು ಗಂಡನ ಮನೆಯವರೇ ಹೊರಹಾಕಿದ್ದರು, ಓದಿಸಿ ಕೆಲಸಕ್ಕೆ ಸೇರಿಸಿದ್ದು ನಾವು" ಎಂಬ ವಾದ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. 1955ರಲ್ಲಿ ಮದುವೆಯಾಗಿ ಮೂರು ತಿಂಗಳಲ್ಲೇ ವಿಧವೆಯಾಗಿ, ಗಂಡನ ಮನೆಯಿಂದ ಹೊರದೂಡಲ್ಪಟ್ಟು, ತವರಿನಲ್ಲಿದ್ದು ಓದಿ ಉದ್ಯೋಗ ಮಾಡಿದ ಹೆಣ್ಣುಮಗಳ ಉಳಿತಾಯದ ಪ್ರಕರಣ ಅದು. ಓಂ ಪ್ರಕಾಶ್ ವಿರುದ್ಧ ರಾಧಾಚರಣ್ ಎಂಬ ಆ ಪ್ರಕರಣದಲ್ಲಿ 2009ರಲ್ಲಿ ನ್ಯಾಯಾಲಯ, ಪರಿಸ್ಥಿತಿ ಕಠಿಣವೇ ಆದರೂ ಕಾಯಿದೆಯ ಮಾತನ್ನು ಅನುಕಂಪದಿಂದ ಬದಲಿಸಲಾಗದು ಎಂದು ಗಂಡನ ಕಡೆಯವರಿಗೇ ಕೊಟ್ಟಿತು. ಇದು ನ್ಯಾಯವಲ್ಲ ಎಂದೇ ನಮ್ಮ ಅಭಿಪ್ರಾಯ. ಇಂಥ ಸ್ವಯಾರ್ಜಿತ ಆಸ್ತಿಯನ್ನು ಎರಡೂ ಕಡೆಯವರಿಗೆ ಹಂಚಬೇಕೆಂದು ಕಾನೂನು ಆಯೋಗ 2008ರಲ್ಲೇ ತನ್ನ 207ನೇ ವರದಿಯಲ್ಲಿ ಹೇಳಿತ್ತು. ಆದರೆ ನ್ಯಾಯಾಲಯದ ಮುಂದೆ ನಡೆಯುವುದು ಇರುವ ಕಾಯಿದೆ. ಸೇವೆ ಮಾಡಿದೆವು, ಆಸ್ಪತ್ರೆ ಖರ್ಚು ಕೊಟ್ಟೆವು ಎಂಬ ವಾದದ ಮೇಲೆ ಮಾತ್ರ ದಾವೆ ಹೂಡಿದರೆ ಮನೆ ಸಿಗುವುದಿಲ್ಲ.

5. ದಾಖಲೆ ಮಾಡಿಸುವಾಗ ವಂಶವೃಕ್ಷ ಯಾರದು ಎಂದು ಗಮನಿಸಿ

ಮರಣ ಪ್ರಮಾಣಪತ್ರ ಸಿಕ್ಕ ಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕುತ್ತಾರೆ. ಸಾಮಾನ್ಯವಾಗಿ ಅರ್ಜಿ ಹಾಕುವವರು ತಮ್ಮ ಕಡೆಯ ಮರವನ್ನು ಮಾತ್ರ ಬರೆಸುತ್ತಾರೆ. ತವರಿನವರು ತಂದೆಯಿಂದ ಶುರುಮಾಡಿ ಆಕೆಯನ್ನು ಮಗಳೆಂದು ತೋರಿಸಿ, ಮದುವೆಯ ವಿಷಯ ಬಿಟ್ಟುಬಿಡುತ್ತಾರೆ. 30 ಗುಂಟೆಗೆ ಬೇಕಾದದ್ದು ತಂದೆಯ ವಂಶವೃಕ್ಷವೇ, ಸರಿ. ಆದರೆ ಮನೆಗೆ ಬೇಕಾದದ್ದು ಗಂಡನ ತಂದೆಯಿಂದ ಶುರುವಾಗಿ ಗಂಡ, ಅವನ ತಾಯಿ, ಒಡಹುಟ್ಟಿದವರು ಎಲ್ಲರನ್ನೂ, ಸತ್ತವರ ಮರಣದ ದಿನಾಂಕದ ಸಮೇತ ತೋರಿಸುವ ವಂಶವೃಕ್ಷ. ಎರಡೂ ಬೇರೆ ಬೇರೆ ಮಾಡಿಸಿ. ವಾರಸುದಾರರನ್ನು ಮುಚ್ಚಿಟ್ಟು ಅಫಿಡವಿಟ್ ಕೊಟ್ಟರೆ ಅದೇ ಮುಂದೆ ನಿಮ್ಮ ವಿರುದ್ಧದ ಸಾಕ್ಷಿಯಾಗುತ್ತದೆ.

ಜಮೀನಿಗೆ ಪೌತಿ ಖಾತೆ ಅರ್ಜಿಯನ್ನು ಮದ್ದೂರು ತಾಲ್ಲೂಕಿನಲ್ಲೇ ಹಾಕಬೇಕು, ಮೈಸೂರಿನಲ್ಲಲ್ಲ. ಸ್ವತ್ತು ಎಲ್ಲಿದೆಯೋ ಅಲ್ಲಿ. ತಕರಾರು ಬಂದರೆ ಅದು ವಿವಾದಿತ ಪ್ರಕರಣವಾಗಿ ವಿಚಾರಣೆಗೆ ಹೋಗುತ್ತದೆ. ಮನೆಯ ಖಾತೆ, ಅದು ಯಾವ ಸಂಸ್ಥೆಯ ವಹಿಯಲ್ಲಿದೆಯೋ ಆ ಪಾಲಿಕೆ ಅಥವಾ ಪ್ರಾಧಿಕಾರದಲ್ಲಿ. ಒಂದು ಮಾತು ನೆನಪಿರಲಿ: ಖಾತೆಯಾಗಲಿ ಪಹಣಿಯಾಗಲಿ ಮಾಲೀಕತ್ವವನ್ನು ಹುಟ್ಟಿಸುವುದಿಲ್ಲ. ತಮ್ಮನ ಹೆಸರಿಗೆ ಖಾತೆ ಆಗಿಬಿಟ್ಟಿತು ಎಂದು ತವರಿನವರು ನಿಶ್ಚಿಂತರಾಗಬಾರದು. ಅತ್ತೆ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಹಕ್ಕು ಸಾಬೀತು ಮಾಡಬಹುದು. ಅಂಥ ಖಾತೆಯನ್ನು ನಂಬಿ ಮನೆ ಕೊಳ್ಳುವವರಿಗೂ ಇದೇ ಎಚ್ಚರಿಕೆ.

6. ಬ್ಯಾಂಕಿನ ಹಣ: ನಾಮಿನಿ ಮಾಲೀಕನಲ್ಲ

9 ಲಕ್ಷಕ್ಕೆ ತಮ್ಮ ನಾಮಿನಿ. ಮರಣ ಪ್ರಮಾಣಪತ್ರ, ಗುರುತಿನ ಚೀಟಿ ಕೊಟ್ಟರೆ ಬ್ಯಾಂಕು ಹಣವನ್ನು ಅವನ ಕೈಗೆ ಕೊಡುತ್ತದೆ. ಅಲ್ಲಿಗೆ ಬ್ಯಾಂಕಿನ ಜವಾಬ್ದಾರಿ ಮುಗಿಯಿತು, ತಮ್ಮನದು ಶುರುವಾಯಿತು. ನಾಮಿನಿ ಎಂದರೆ ನಿಜವಾದ ವಾರಸುದಾರರ ಪರವಾಗಿ ಹಣ ಪಡೆಯುವವನು. ಮೂರನೇ ಗುಂಪಿನ ಆಸ್ತಿಯಾದ್ದರಿಂದ ಆ ಹಣ ಸೇರಬೇಕಾದದ್ದು ಅತ್ತೆಗೆ. ಅವರು ಕೇಳಿದರೆ ಕೊಡಬೇಕಾಗುತ್ತದೆ.

ನಾಮಿನಿಯೇ ಇಲ್ಲದಿದ್ದು ಮೊತ್ತ ದೊಡ್ಡದಾಗಿದ್ದರೆ ಬ್ಯಾಂಕು ಉತ್ತರಾಧಿಕಾರ ಪ್ರಮಾಣಪತ್ರ ಕೇಳಬಹುದು. ಇದನ್ನು ಕೊಡುವುದು ನ್ಯಾಯಾಲಯ, ತಹಶೀಲ್ದಾರರಲ್ಲ. ಆಕೆ ಸಾಯುವಾಗ ವಾಸವಿದ್ದ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲಿ ಅರ್ಜಿ ಹಾಕಬೇಕು. ಇದು ಠೇವಣಿ, ಷೇರುಗಳಂಥ ಹಣದ ಬಾಬತ್ತಿಗೆ ಮಾತ್ರ. ಮನೆಗೋ ಜಮೀನಿಗೋ ಇದರಿಂದ ಹಕ್ಕು ಸಿಗುವುದಿಲ್ಲ.

7. ರಾಜಿ ಮಾಡಿಕೊಳ್ಳುವುದಾದರೆ ಸರಿಯಾದವರಿಂದ ಸಹಿ ಮಾಡಿಸಿ

ಎಷ್ಟೋ ಕುಟುಂಬಗಳಲ್ಲಿ ಗಂಡನ ಕಡೆಯವರು ಪೂರ್ತಿ ಆಸ್ತಿಗೆ ಹಟ ಹಿಡಿಯುವುದಿಲ್ಲ. ಹೆತ್ತ ತಾಯಿ ಬದುಕಿರುವಾಗ ಸ್ವಲ್ಪ ಭಾಗ ಬಿಟ್ಟುಕೊಡಲು ಒಪ್ಪುತ್ತಾರೆ. ಆದರೆ ಇಲ್ಲೂ ತಪ್ಪಾಗುತ್ತದೆ. ಮನೆಗೆ ಸಂಬಂಧಿಸಿ ತಾಯಿ, ತಂಗಿ ಎಲ್ಲರೂ ತಮ್ಮನಿಗೆ ಹಕ್ಕು ಬಿಡುಗಡೆ ಪತ್ರ ಮಾಡಿಕೊಡುತ್ತಾರೆ. ಇಲ್ಲದ ಹಕ್ಕನ್ನು ಎಷ್ಟು ಜನ ಬಿಟ್ಟುಕೊಟ್ಟರೂ ತಮ್ಮನಿಗೆ ಏನೂ ಬರುವುದಿಲ್ಲ. ಸಹಿ ಮಾಡಬೇಕಾದವರು ಅತ್ತೆ. ಪತ್ರ ನೋಂದಣಿ ಆಗಬೇಕು, ಬಾಯಿಮಾತಿನ ಒಪ್ಪಿಗೆ ಸಾಲದು. ಹತ್ತಿರದ ಸಂಬಂಧಿಗಳ ನಡುವಿನ ಪತ್ರಗಳಿಗೆ ಸಿಗುವ ಮುದ್ರಾಂಕ ಶುಲ್ಕದ ರಿಯಾಯಿತಿ ಸೊಸೆಯ ತಮ್ಮನಿಗೆ ಬರೆದುಕೊಡುವಾಗ ಸಿಗದೆ ಹೋಗಬಹುದು. ಪತ್ರ ಬರೆಸುವ ಮೊದಲೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಶುಲ್ಕ ಎಷ್ಟೆಂದು ಕೇಳಿಕೊಳ್ಳಿ.

2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಇಂಥ ಆಸ್ತಿಗೆ ಹೆಣ್ಣುಮಗಳ ತಂದೆತಾಯಿ ಅಥವಾ ಅವರ ವಾರಸುದಾರರು ಹಕ್ಕು ಕೇಳುವುದಾದರೆ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಬೇಕು ಎಂದು ಹೇಳಿದೆ. ಇದರಿಂದ ತವರಿಗೆ ಹೊಸ ಹಕ್ಕು ಹುಟ್ಟುವುದಿಲ್ಲ, ಆದರೆ ಎದುರು ಕೂತು ಮಾತಾಡುವ ಜಾಗ ಸಿಗುತ್ತದೆ. ಮೈಸೂರು, ಮಂಡ್ಯ ಎರಡೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಅಲ್ಲಿ ಹೆಂಗಸರಿಗೆ ಆದಾಯ ಎಷ್ಟಿದ್ದರೂ ಕಾನೂನು ನೆರವು ಉಚಿತ. ನಮ್ಮ ಉದಾಹರಣೆಯ ತಾಯಿಯೂ ಕೇಳಬಹುದು, ಅತ್ತೆಯೂ ಕೇಳಬಹುದು.

8. ಬದುಕಿರುವವರು ಈಗಲೇ ಮಾಡಬಹುದಾದದ್ದು

2025ರ ಆ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್ ಹೆಂಗಸರಿಗೆಲ್ಲ ಉಯಿಲು ಬರೆದಿಡುವಂತೆ ಮನವಿ ಮಾಡಿದೆ. ಮಕ್ಕಳಿಲ್ಲದವರು, ವಿಧವೆಯರು, ಗಂಡನಿಂದ ದೂರವಿದ್ದು ವಿಚ್ಛೇದನ ಪಡೆಯದವರು ಇದನ್ನು ಮುಂದೂಡಬಾರದು.

ಉಯಿಲಿಗೆ ಛಾಪಾ ಕಾಗದ ಬೇಡ. ಸ್ವತ್ತಿನ ಪೂರ್ತಿ ವಿವರ, ಯಾರಿಗೆ ಎಷ್ಟು ಎಂಬುದು ಸ್ಪಷ್ಟವಾಗಿರಲಿ. ನೀವು ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ಅವರಿಬ್ಬರೂ ನಿಮ್ಮ ಎದುರು ಸಹಿ ಮಾಡಲಿ. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ, ಅನುಮಾನಕ್ಕೆ ದಾರಿಯಾಗುತ್ತದೆ. ಮುಂದೆ ವಿವಾದವಾದರೆ ಸಾಕ್ಷಿಗಳಲ್ಲಿ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು ಹೇಳಬೇಕಾಗುತ್ತದೆ. ಆದ್ದರಿಂದ ನಿಮಗಿಂತ ಚಿಕ್ಕ ವಯಸ್ಸಿನ, ಊರಲ್ಲೇ ಇರುವವರನ್ನು ಆರಿಸಿ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಕಾಗದ ಕಳೆದರೂ ಪ್ರತಿ ಸಿಗುತ್ತದೆ. ಮನಸ್ಸು ಬದಲಾದರೆ ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಹೊಸದು ಬರೆಯಬಹುದು. ಹೊಸದರಲ್ಲಿ "ಹಿಂದಿನ ಇಂಥ ದಿನಾಂಕದ ಉಯಿಲನ್ನು ರದ್ದುಮಾಡಿದ್ದೇನೆ" ಎಂಬ ಸಾಲು ಇರಲಿ.

ಮಗಳಿಗೆ ದಾನಪತ್ರ ಮಾಡಿಕೊಡಬೇಕೆಂದಿರುವ ತಂದೆತಾಯಿಗಳು ಪತ್ರ ನೋಂದಣಿಯಾದ ದಿನವೇ, ಅದೇ ಕಚೇರಿಯಲ್ಲಿ, ಮಗಳಿಂದಲೂ ಉಯಿಲು ಬರೆಸಿ ನೋಂದಾಯಿಸಬಹುದು. ಆ ಸೈಟು ಯಾರಿಗೆ ಸೇರಬೇಕೆಂದು ಅದರಲ್ಲಿ ತೀರ್ಮಾನಿಸುವವಳು ಮಗಳೇ.